ಫೈಬರ್ ಜಾಸ್ತಿ ಮಾಡಿದ್ಮೇಲೆ ಸಂಜೆ ಆದ್ರೆ ಹೊಟ್ಟೆ ಉಬ್ಬರ, ಸಾಲ್ಯುಬಲ್ ಬಿಡಬೇಕಾ ಇನ್‌ಸಾಲ್ಯುಬಲ್ ಬಿಡಬೇಕಾ?

ವಾಕಡ್_ನಿವಾಸಿ
ಎಲ್ರಿಗೂ ನಮಸ್ಕಾರ. ಪುಣೆ ವಾಕಡ್‌ನಲ್ಲಿದ್ದೀನಿ, ಐಟಿ ಕೆಲಸ, ಇಡೀ ದಿನ ಕುರ್ಚಿ ಮೇಲೆ. ಆಫೀಸ್ ಹೆಲ್ತ್ ಚೆಕಪ್‌ನಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂತು, ಡಾಕ್ಟರು ಮಾತ್ರೆ ಈಗ್ಲೇ ಬೇಡ, ಫೈಬರ್ ಜಾಸ್ತಿ ಮಾಡಿ ಮೂರು ತಿಂಗ್ಳು ಬಿಟ್ಟು ಬನ್ನಿ ಅಂದ್ರು. ನಾನು ಸೋಮವಾರದಿಂದ ಒಂದೇ ಏಟಿಗೆ ಶುರು ಮಾಡ್ಬಿಟ್ಟೆ. ಬೆಳಿಗ್ಗೆ ಓಟ್ಸ್, ಅದ್ರಲ್ಲಿ ಒಂದ್ ಚಮಚ ಅಗಸೆ ಪುಡಿ, ಆಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಫೈಬರ್ ಪೌಡರ್ ಎರಡು ಸ್ಕೂಪ್ ನೀರಿಗೆ, ಮಧ್ಯಾಹ್ನ ದೊಡ್ಡ ಬಟ್ಟಲು ಮಟ್ಕಿ ಕಾಳಿನ ಉಸಳ್ ಜೊತೆ ಹಸಿ ಈರುಳ್ಳಿ ಸೌತೆಕಾಯಿ ಕ್ಯಾರೆಟ್, ಸಂಜೆ ಹುರಿಗಡಲೆ, ರಾತ್ರಿ ಎರಡು ಜೋಳದ ಭಾಕ್ರಿ ಬೇಳೆ.

ಮೊದಲು ನಾನು ತಿಂತಿದ್ದಿದ್ದು ಅವಲಕ್ಕಿ, ಕ್ಯಾಂಟೀನ್ ಅನ್ನ ದಾಲ್, ರಾತ್ರಿ ಎರಡು ತೆಳು ಚಪಾತಿ. ಅಷ್ಟೇ.

ಈಗ ಸಂಜೆ ನಾಲ್ಕು ಗಂಟೆಗೆ ಜೀನ್ಸ್ ಬಟನ್ ಬಿಚ್ಚಬೇಕು ಅನ್ಸುತ್ತೆ, ಮೀಟಿಂಗ್‌ನಲ್ಲಿ ಹೊಟ್ಟೆ ಗುಡುಗುಡು, ಉಳಿದಿದ್ದು ಹೇಳಲ್ಲ. ಬೆಳಿಗ್ಗೆ ಏಳೋ ಹೊತ್ತಿಗೆ ಹೊಟ್ಟೆ ಫ್ಲಾಟ್. ಪೌಡರ್ ಡಬ್ಬಿ ಮೇಲೆ 100% ಸಾಲ್ಯುಬಲ್ ಅಂತ ಇದೆ, ಕೊಲೆಸ್ಟ್ರಾಲ್‌ಗೆ ಸಾಲ್ಯುಬಲ್ ಒಳ್ಳೇದು ಅಂತ ಓದಿದ್ದೆ. ಹಾಗಾದ್ರೆ ಗ್ಯಾಸ್ ಮಾಡ್ತಿರೋದು ಇನ್‌ಸಾಲ್ಯುಬಲ್ಲಾ? ಯಾವ್ದು ಬಿಡ್ಲಿ?

ಜಿಮ್_ಗೋರೆಗಾಂವ್
ಸಿಂಪಲ್. ಇನ್‌ಸಾಲ್ಯುಬಲ್ ಅಂದ್ರೆ ಸಿಪ್ಪೆ, ನಾರು, ತೌಡು, ಅದು ಜೀರ್ಣ ಆಗಲ್ಲ ಅದಕ್ಕೇ ಗ್ಯಾಸ್. ಸಾಲ್ಯುಬಲ್ ನೀರಲ್ಲಿ ಕರಗುತ್ತೆ, ಹೊಟ್ಟೆಗೆ ಸಾಫ್ಟ್. ಪೌಡರ್ ಇಟ್ಕೊಳಿ, ಭಾಕ್ರಿ ಬಿಡಿ. ನಾನು ಡೈಲಿ ತಗೋತೀನಿ, ನಂಗೇನೂ ಆಗಿಲ್ಲ.

ಬಾಗಲಕೋಟಿ_ಬಸ್ಯಾ
ರೊಟ್ಟಿ ಬಿಡ್ರಿ ಅಂತಾನ ನೋಡ್ರಿ ಇವ! ನಮ್ಮ ಮನ್ಯಾಗ ಮೂರು ಹೊತ್ತು ಜ್ವಾಳದ ರೊಟ್ಟಿ, ಕಾಳ ಪಲ್ಯ, ಹಸಿ ಉಳ್ಳಾಗಡ್ಡಿ, ಮೆಂತ್ಯ ಪಲ್ಯ ಹಂಗ ಹಸೀದ ತಿಂತೀವಿ, ಯಾರಿಗೂ ಗ್ಯಾಸ್ ಇಲ್ಲ ಗೀಸ್ ಇಲ್ಲ. ಚಿಂಚವಾಡದಾಗ ಬಂದ ಹದಿನೈದು ವರ್ಷ ಆತು, ಇನ್ನೂ ಅದ ನಡದೈತಿ. ನಿಮ್ಮದು ಡಬ್ಬಿ ಪೌಡರದ್ದ ಕಥಿ ಇದು.

ಠಾಣೆ_ಶೆಟ್ರು
ಅಕ್ಕ, ನನಗೂ ಹೀಗೇ ಎದೆ ಉರಿ, ಹುಳಿ ತೇಗು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ ತೆಗೊಳ್ಳಿ, ಸರಿ ಆಗ್ತದೆ.

ತಟ್ಟೆ_ಲೆಕ್ಕ
ಶೆಟ್ರೆ, ಅದು ಬೇರೆ, ಇದು ಬೇರೆ. ನಿಮ್ದು ಆಸಿಡ್ ಮೇಲಕ್ಕೆ ಬರೋದು. ಅವರದ್ದು ಊಟ ಆಗಿ ಕೆಲವು ಗಂಟೆ ಬಿಟ್ಟು ಕೆಳಗೆ ಉಬ್ಬೋದು. ಆ ಮಾತ್ರೆ ಇದಕ್ಕೆ ಕೆಲ್ಸ ಮಾಡಲ್ಲ.

ವಾಕಡ್ ಅವ್ರೇ, ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ ಹೇಳಿ. ಚಿಕೋರಿ ಅಂತಿದ್ಯಾ?

ವಾಕಡ್_ನಿವಾಸಿ
ಹೌದು! ಚಿಕೋರಿ ರೂಟ್ ಇನ್ಯುಲಿನ್. ಒಂದು ಸ್ಕೂಪ್‌ಗೆ 5 ಗ್ರಾಂ ಫೈಬರ್. ಹೇಗೆ ಗೊತ್ತಾಯ್ತು?

ತಟ್ಟೆ_ಲೆಕ್ಕ
ನೀರಿಗೆ ಹಾಕಿದ್ರೂ ನೀರು ದಪ್ಪ ಆಗ್ದೇ ಹಾಗೇ ಕುಡಿಯೋಕಾಗೋ ಪೌಡರ್ ಅಂದ್ರೆ ಹೆಚ್ಚಿನ್ವು ಅದೇ. ನಾನು ಮುಲುಂಡ್‌ನಲ್ಲಿ ಡಯಟಿಷಿಯನ್, ವಾರಕ್ಕೆ ಇಂಥ ಡಬ್ಬಿ ಎಷ್ಟೋ ಬರುತ್ತೆ ನನ್ನ ಟೇಬಲ್‌ಗೆ.

ಗೋರೆಗಾಂವ್ ತಮ್ಮ ಹೇಳಿದ್ರಲ್ಲಿ ಅರ್ಧ ಸರಿ. ತೌಡು ಜೀರ್ಣ ಆಗಲ್ಲ, ನಿಜ. ಆದ್ರೆ ನಮ್ಮ ಹೊಟ್ಟೆಗೆ ಯಾವ ಫೈಬರ್ರೂ ಜೀರ್ಣ ಆಗಲ್ಲ, ಅದಕ್ಕೇ ಅದನ್ನ ಫೈಬರ್ ಅನ್ನೋದು. ಗ್ಯಾಸ್ ಬರೋದು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನ ತಿಂದಾಗ. ಹಾಗಾಗಿ ಕೇಳಬೇಕಾದ ಪ್ರಶ್ನೆ ಕರಗುತ್ತಾ ಇಲ್ವಾ ಅಂತಲ್ಲ, ಬ್ಯಾಕ್ಟೀರಿಯಾ ಅದನ್ನ ಎಷ್ಟು ಬೇಗ ತಿಂದು ಮುಗಿಸ್ತವೆ ಅಂತ. ಇನ್ಯುಲಿನ್ ಪೂರ್ತಿ ಕರಗುತ್ತೆ, ಅವಕ್ಕೆ ತುಂಬಾ ಇಷ್ಟ, ಗಬಗಬ ತಿಂತವೆ, ಒಂದೇ ಸಲಕ್ಕೆ ಗ್ಯಾಸ್. ಇಸಬ್ಗೋಲೂ ಹೆಚ್ಚಿನ ಪಾಲು ಸಾಲ್ಯುಬಲ್ಲೇ, ಆದ್ರೆ ಅದು ಲೋಳೆ ಆಗಿ ನಿಂತ್ಕೊಳುತ್ತೆ, ಬ್ಯಾಕ್ಟೀರಿಯಾ ಅದನ್ನ ಹೆಚ್ಚು ಮುಟ್ಟಲ್ಲ, ಅದಕ್ಕೇ ಗ್ಯಾಸ್ ಕಮ್ಮಿ. ಎರಡೂ ಡಬ್ಬಿ ಮೇಲೆ ಸಾಲ್ಯುಬಲ್ ಅಂತಲೇ ಬರೀತಾರೆ. ಇನ್ನು ಗೋಧಿ ತೌಡು ಇನ್‌ಸಾಲ್ಯುಬಲ್, ಅದನ್ನ ನಿಧಾನಕ್ಕೆ, ಅರ್ಧಂಬರ್ಧ ತಿಂತವೆ, ಮಲಕ್ಕೆ ಗಾತ್ರ ಕೊಡುತ್ತೆ, ಗ್ಯಾಸ್ ಇನ್ಯುಲಿನ್‌ನಷ್ಟಿಲ್ಲ.

ಕೊಲೆಸ್ಟ್ರಾಲ್ ವಿಷ್ಯಕ್ಕೂ ಆ ಲೋಳೆಯೇ ಬೇಕಾಗಿದ್ದು. ಅದು ಪಿತ್ತರಸನ ಹಿಡ್ಕೊಂಡು ಹೊರಗೆ ಹೋಗುತ್ತೆ, ಲಿವರ್ ಹೊಸದಾಗಿ ಪಿತ್ತ ಮಾಡೋಕೆ ರಕ್ತದಿಂದ ಕೊಲೆಸ್ಟ್ರಾಲ್ ಎಳ್ಕೊಳುತ್ತೆ. ಓಟ್ಸ್, ಇಸಬ್ಗೋಲ್ ಈ ಕೆಲ್ಸ ಮಾಡ್ತವೆ. ಲೋಳೆ ಆಗದ ಇನ್ಯುಲಿನ್‌ನಿಂದ ಎಲ್‌ಡಿಎಲ್‌ಗೆ ಹೇಳ್ಕೊಳೋ ಲಾಭ ಇಲ್ಲ. ಅಂದ್ರೆ ನೀವು ದುಡ್ಡು ಕೊಟ್ಟು ಗ್ಯಾಸ್ ತಗೊಂಡ್ರಿ.

ಜಿಮ್_ಗೋರೆಗಾಂವ್
ಹಾಗಾದ್ರೆ ನಂಗ್ಯಾಕೆ ಏನೂ ಆಗಿಲ್ಲ?

ತಟ್ಟೆ_ಲೆಕ್ಕ
ಎಷ್ಟು ತಗೋತೀರ?

ಜಿಮ್_ಗೋರೆಗಾಂವ್
ಅರ್ಧ ಸ್ಕೂಪ್. ಪ್ರೋಟೀನ್ ಶೇಕ್‌ನಲ್ಲಿ. ಸುಮಾರು ಒಂದು ವರ್ಷದಿಂದ.

ತಟ್ಟೆ_ಲೆಕ್ಕ
ಉತ್ತರ ನೀವೇ ಕೊಟ್ರಿ. ಅವರು ನಿಮ್ಮ ನಾಲ್ಕರಷ್ಟು ಮೊದಲ್ನೇ ದಿನವೇ ತಗೊಂಡಿದ್ದಾರೆ.

ಬಾಗಲಕೋಟಿ_ಬಸ್ಯಾ
ನಾ ಹೇಳಿದ್ದ ಖರೇ ಆತಲ್ರಿ, ಡಬ್ಬಿದ್ದ ಕಥಿ. ರೊಟ್ಟಿ ತಿನ್ರಿ, ಚಪಾತಿಕ್ಕಿಂತ ಫೈಬರ್ ಡಬಲ್ ಇರ್ತದ.

ತಟ್ಟೆ_ಲೆಕ್ಕ
ಬಸಣ್ಣ, ಬೇಜಾರಾಗ್ಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅದೇ ಎನ್‌ಐಎನ್‌ನವ್ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ ಫೈಬರ್ ಹತ್ತು ಗ್ರಾಂ ಚಿಲ್ಲರೆ, ಇಡೀ ಗೋಧಿ ಹಿಟ್ಟಿಗೆ ಹನ್ನೊಂದು ಚಿಲ್ಲರೆ. ಎರಡ್ರಲ್ಲೂ ಬಹುಪಾಲು ಇನ್‌ಸಾಲ್ಯುಬಲ್ಲೇ. ರೊಟ್ಟಿ ದಪ್ಪ, ಒಂದು ರೊಟ್ಟಿಗೆ ಹಿಟ್ಟು ಜಾಸ್ತಿ ಹೋಗುತ್ತೆ ಅದಕ್ಕೇ ಡಬಲ್ ಅನ್ಸುತ್ತೆ.

ಆದ್ರೆ ನಿಮ್ಮ ರೊಟ್ಟಿ ಪರ ಒಂದು ಮಾತಿದೆ. ಗೋಧಿಯಲ್ಲಿ ಫ್ರಕ್ಟಾನ್ ಅಂತಿರುತ್ತೆ, ಇನ್ಯುಲಿನ್ ಜಾತಿಯದ್ದೇ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಅದೇ. ಜೋಳದಲ್ಲಿ ಅದು ತುಂಬಾ ಕಮ್ಮಿ. ಗ್ಯಾಸ್ ತೊಂದ್ರೆ ಇರೋವ್ರಿಗೆ ಫೈಬರ್ ಅಷ್ಟೇ ಇದ್ರೂ ಭಾಕ್ರಿ ಚಪಾತಿಗಿಂತ ಹಗುರ ಅನ್ಸೋದು ಅದಕ್ಕೆ.

ಮಡಗಾಂವ್_ಮೇಷ್ಟ್ರು
ಗೋವಾದಿಂದ ಒಂದು ಅಡ್ಡ ಪ್ರಶ್ನೆ. ಇಲ್ಲಿ ಬೆಳಿಗ್ಗೆ ಸೈಕಲ್ಲಲ್ಲಿ ಪೊಯ್ ಬ್ರೆಡ್ ತರ್ತಾರಲ್ಲ, ಮೇಲೆ ತೌಡು ಇರುತ್ತೆ, ಅದು ಫೈಬರ್ ಲೆಕ್ಕಕ್ಕೆ ಬರುತ್ತಾ? ನಮ್ಮನೇಲಿ ಪಾವ್ ಬಿಟ್ಟು ಪೊಯ್‌ಗೆ ಬಂದಿದ್ದೀವಿ, ದೊಡ್ಡ ತ್ಯಾಗ ಮಾಡಿದ ಹಾಗೆ ಹೆಂಡತಿ ಎಲ್ರಿಗೂ ಹೇಳ್ತಾಳೆ.

ತಟ್ಟೆ_ಲೆಕ್ಕ
ಮೇಷ್ಟ್ರೆ, ಮುರಿದು ಒಳಗೆ ನೋಡಿ. ಒಳಗೂ ಕಂದು ಬಣ್ಣ, ತೌಡಿನ ಚೂರು ಕಂಡ್ರೆ ಬರುತ್ತೆ. ಒಳಗೆ ಬೆಳ್ಳಗಿದ್ದು ಮೇಲೆ ಮಾತ್ರ ಉದುರಿಸಿದ್ರೆ ಅದು ಟೋಪಿ ಹಾಕಿದ ಪಾವ್.

ಮಡಗಾಂವ್_ಮೇಷ್ಟ್ರು
ಬೆಳ್ಳಗಿದೆ. ಹೆಂಡತಿಗೆ ಹೇಳಲ್ಲ.

ವಾಕಡ್_ನಿವಾಸಿ
😄 ತಟ್ಟೆ ಅಕ್ಕ, ಪೌಡರ್ ಇವತ್ತೇ ಬಂದ್. ಉಳಿದಿದ್ದನ್ನ ಹಾಗೇ ಮುಂದುವರೆಸ್ಲಾ?

ತಟ್ಟೆ_ಲೆಕ್ಕ
ಬೇಡ. ನಿಮ್ಮ ತಟ್ಟೆ ಲೆಕ್ಕ ಹಾಕೋಣ ಬನ್ನಿ, ಅಂದಾಜೇ, ಗ್ರಾಂ ಹಿಡ್ಕೊಂಡು ಜಗಳ ಬೇಡ. ಹಳೇ ಊಟ ಸುಮಾರು 15 ಗ್ರಾಂ ಫೈಬರ್. ಹೊಸದ್ರಲ್ಲಿ ಓಟ್ಸ್ ಅಗಸೆ ಸೇರಿ 7, ಪೌಡರ್ 10, ಆ ದೊಡ್ಡ ಬಟ್ಟಲು ಮಟ್ಕಿ 8, ಸಲಾಡ್ 3, ಕಡಲೆ 5, ಎರಡು ಭಾಕ್ರಿ ಬೇಳೆ 12. ಅಂದ್ರೆ 45. ಎನ್‌ಐಎನ್ ಹೇಳೋದೇ 2,000 ಕ್ಯಾಲರಿ ಊಟಕ್ಕೆ 30ರ ಆಸುಪಾಸು. ನೀವು ಭಾನುವಾರ 15, ಸೋಮವಾರ 45. ನಿಮ್ಮ ಕರುಳಿನ ಬ್ಯಾಕ್ಟೀರಿಯಾಗೆ ನೋಟಿಸ್ಸೇ ಕೊಟ್ಟಿಲ್ಲ.

ನಾನು ಹೇಳೋದು ಇಷ್ಟು. ಮೊದಲು ನಾಲ್ಕೈದು ದಿನ ಪೌಡರ್, ಕಡಲೆ, ಹಸಿ ಈರುಳ್ಳಿ, ಮಟ್ಕಿ ನಾಲ್ಕೂ ನಿಲ್ಸಿ. ಓಟ್ಸ್ ಒಂದು ಸಣ್ಣ ಬಟ್ಟಲು, ಭಾಕ್ರಿ ಬೇಳೆ ಇರ್ಲಿ, ಅಲ್ಲಿಗೆ ಇಪ್ಪತ್ತರ ಹತ್ರ ಬರ್ತೀರ. ಉಬ್ಬರ ಇಳಿದ್ಮೇಲೆ ವಾರಕ್ಕೆ ಒಂದೇ ಒಂದು ಹೊಸದು ಸೇರ್ಸಿ, ಅದೂ 5 ಗ್ರಾಂ ಮೀರದ ಹಾಗೆ. ಒಂದೇ ಒಂದು ಯಾಕೆ ಅಂದ್ರೆ, ಎರಡು ಒಟ್ಟಿಗೆ ಸೇರಿಸಿ ಉಬ್ಬರ ಬಂದ್ರೆ ಯಾವ್ದ್ರಿಂದ ಅಂತ ಗೊತ್ತಾಗಲ್ಲ.

ಮೊದಲ್ನೇದು ಇಸಬ್ಗೋಲ್ ಒಂದು ಟೀ ಚಮಚ, ಅದು ನಿಮ್ಮ ಎಲ್‌ಡಿಎಲ್‌ಗೂ ಆಗುತ್ತೆ, ಗ್ಯಾಸೂ ಕಮ್ಮಿ. ಮುಂದಿನ ವಾರ ಎರಡು ಚಮಚ. ಆಮೇಲೆ ಕಾಳು, ಆದ್ರೆ ಬಟ್ಟಲಲ್ಲ, ಬೆಂದ ಹೆಸರುಕಾಳು ಎರಡು ದೊಡ್ಡ ಚಮಚ, ದಿನಾ. ವಾರಕ್ಕೆರಡು ಸಲ ಒಂದು ಬಟ್ಟಲು ತಿನ್ನೋದಕ್ಕಿಂತ ದಿನಾ ಎರಡು ಚಮಚ ಸುಲಭ, ಯಾಕಂದ್ರೆ ದಿನಾ ಸಿಕ್ಕಿದ್ರೆ ಬ್ಯಾಕ್ಟೀರಿಯಾ ಗುಂಪು ಬದಲಾಗಿ ಹೊಂದ್ಕೊಳುತ್ತೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಅದೇ ಕಾಳಿಗೆ ಗ್ಯಾಸ್ ಕಮ್ಮಿ ಆಗ್ತಾ ಬರುತ್ತೆ. ಬಸಣ್ಣನ ಮನೇಲಿ ಗ್ಯಾಸ್ ಇಲ್ದೇ ಇರೋ ಗುಟ್ಟು ಇದೇ, ಹುಟ್ಟಿದಾಗಿಂದ ದಿನಾ ತಿಂತಿದ್ದಾರೆ.

ಒಂದು ವಾರ ಜಾಸ್ತಿ ಆಯ್ತು ಅನ್ಸಿದ್ರೆ ಪೂರ್ತಿ ಬಿಡ್ಬೇಡಿ, ಹಿಂದಿನ ವಾರದ ಅಳತೆಗೆ ಹೋಗಿ ಅಲ್ಲೇ ಇನ್ನೊಂದು ವಾರ ಇರಿ.

ಮಾಟುಂಗಾ_ಅಜ್ಜಿ
ಮಗಳೇ, ಇಸಬ್ಗೋಲ್ ವಿಷಯ ಒಂದು ಹೇಳ್ತೀನಿ. ನಮ್ಮ ಯಜಮಾನರು ಅದನ್ನ ಒಣ ಒಣ ಬಾಯಿಗೆ ಹಾಕ್ಕೊಂಡು ಮೇಲೆ ಒಂದು ಗುಟುಕು ನೀರು ಕುಡಿದ್ರು. ಗಂಟಲಲ್ಲೇ ಉಬ್ಬಿ ಕೂತ್ಕೊಂಡ್ಬಿಡ್ತು, ರಾತ್ರಿ ಹನ್ನೊಂದಕ್ಕೆ ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ವಿ. ಈಗ ನಾನೇ ದೊಡ್ಡ ಲೋಟ ನೀರಲ್ಲಿ ಕಲಸಿ ಎದುರಿಗೆ ನಿಂತು ಕುಡಿಸ್ತೀನಿ, ಕಲಸಿ ಇಟ್ರೆ ಗಂಜಿ ಆಗುತ್ತೆ, ತಕ್ಷಣ ಕುಡೀಬೇಕು.

ಹಿಂಗು ಓಮ ಹಾಕಿದ್ರೆ ಇದೆಲ್ಲ ಬೇಕಾ? ನಮ್ಮಮ್ಮ ಕಾಳಿಗೆ ಹಿಂಗಿಲ್ದೇ ಒಗ್ಗರಣೆ ಹಾಕಿದ್ದೇ ಇಲ್ಲ.

ತಟ್ಟೆ_ಲೆಕ್ಕ
ಅಜ್ಜಿ, ನೀರಿನ ಮಾತು ನೂರಕ್ಕೆ ನೂರು. ನುಂಗೋಕೆ ಕಷ್ಟ ಇರೋವ್ರು, ಹಿಂದೆ ಕರುಳು ಕಟ್ಟಿದ್ದೋವ್ರು ಡಾಕ್ಟರ್ ಕೇಳ್ದೇ ಇಸಬ್ಗೋಲ್ ಮುಟ್ಟಲೇಬಾರ್ದು. ಥೈರಾಯ್ಡ್ ಮಾತ್ರೆ ತಗೊಳೋವ್ರು ಎರಡಕ್ಕೂ ಮಧ್ಯೆ ನಾಲ್ಕು ಗಂಟೆ ಬಿಡಿ, ಲೋಳೆ ಮಾತ್ರೆನ ಹೀರ್ಕೊಳೋಕೆ ಬಿಡಲ್ಲ.

ಹಿಂಗು ಹಾಕಿ, ಬೇಡ ಅನ್ನಲ್ಲ, ಆದ್ರೆ ಅದನ್ನ ನಂಬ್ಕೊಂಡು ಬಟ್ಟಲು ದೊಡ್ಡದು ಮಾಡ್ಬೇಡಿ. ನೆನೆಸೋದ್ರಿಂದ ಆಗೋ ಲಾಭ ಗಟ್ಟಿ. ಕಾಳಲ್ಲಿ ನಮಗೆ ಒಡೆಯೋಕಾಗದ ಸಕ್ಕರೆಗಳಿರ್ತವೆ, ಅದನ್ನ ಒಡೆಯೋ ಕಿಣ್ವವೇ ನಮ್ಮ ಸಣ್ಣ ಕರುಳಲ್ಲಿಲ್ಲ, ಹಾಗಾಗಿ ಇಡಿಯಾಗಿ ಬ್ಯಾಕ್ಟೀರಿಯಾ ಹತ್ರ ಹೋಗುತ್ತೆ. ಆ ಸಕ್ಕರೆಗಳು ನೀರಲ್ಲಿ ಕರಗ್ತವೆ. ರಾತ್ರಿ ಪೂರ್ತಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯ್ಸಿ. ಮೊಳಕೆ ಬಂದ್ರೆ ಇನ್ನೂ ಕಮ್ಮಿ, ಮೊಳಕೆಯೇ ಅದನ್ನ ಖರ್ಚು ಮಾಡ್ಕೊಳುತ್ತೆ. ಆದ್ರೆ ಹಸಿ ಮೊಳಕೆ ಬೇಡ, ಬೇಯ್ಸಿ.

ಮಾಟುಂಗಾ_ಅಜ್ಜಿ
ನೆನೆಸಿದ ನೀರು ಚೆಲ್ಲೋದಾ? ಸತ್ವ ಎಲ್ಲಾ ಅದ್ರಲ್ಲೇ ಇರೋದು!

ತಟ್ಟೆ_ಲೆಕ್ಕ
ಸ್ವಲ್ಪ ಬಿ ವಿಟಮಿನ್ ಹೋಗುತ್ತೆ ಅಜ್ಜಿ, ಒಪ್ಪಿದೆ. ಉಬ್ಬರ ಇರೋವ್ರು ಚೆಲ್ಲಲಿ, ಇಲ್ದೋವ್ರು ಇಟ್ಕೊಳ್ಲಿ.

ಮಾಟುಂಗಾ_ಅಜ್ಜಿ
ನಾನಂತೂ ಚೆಲ್ಲಲ್ಲ.

ಠಾಣೆ_ಶೆಟ್ರು
ನಮ್ಮ ಹೋಟ್ಲಲ್ಲಿ ಮಿಸಳಿಗೆ ಮಟ್ಕಿ ನೆನೆಸಿದ ನೀರು ಚೆಲ್ಲಿಯೇ ಚೆಲ್ಲುತ್ತೇವೆ ಮಾರಾಯ್ರೆ, ನೊರೆ ಬರ್ತದೆ, ವಾಸನೆ ಬರ್ತದೆ. ಆದ್ರೂ ಮಿಸಳ್ ತಿಂದವ ಸಂಜೆ ಗ್ಯಾಸ್ ಅಂತ ಬಂದೇ ಬರ್ತಾನೆ. ಯಾಕೆಂದ್ರೆ ಮೇಲೆ ಅವನೇ ಒಂದು ಮುಷ್ಟಿ ಹಸಿ ನೀರುಳ್ಳಿ ಹಾಕ್ಕೊಳ್ತಾನೆ, ಎಕ್ಸ್‌ಟ್ರಾ ಪಾವ್ ಎರಡು, ಮತ್ತೆ ಒಂದು ಗ್ಲಾಸ್ ಮಜ್ಜಿಗೆ. ದೂರು ಮಾತ್ರ ಮಟ್ಕಿ ಮೇಲೆ.

ಲೋಕಲ್‌ನಲ್ಲಿ_ನಿಂತವ
ಎಲ್ರೂ ಫೈಬರ್ ಫೈಬರ್ ಅಂತಿದ್ದೀರ, ನನ್ನ ಕೇಸ್ ಉಲ್ಟಾ. ವರ್ಷಗಟ್ಟಲೆ ಮಲಬದ್ಧತೆ, ಹೋದ ಡಾಕ್ಟರೆಲ್ಲ ಫೈಬರ್ ತಿನ್ನಿ ಅಂದ್ರು, ತಿಂದಷ್ಟೂ ಹೊಟ್ಟೆ ಉಬ್ಬಿ ಕಲ್ಲಾಗ್ತಿತ್ತು, ವಿರಾರ್ ಲೋಕಲ್‌ನಲ್ಲಿ ನಿಲ್ಲೋಕಾಗ್ದೇ ಮಧ್ಯೆ ಇಳ್ಕೊಂಡಿದ್ದೂ ಇದೆ. ಕೊನೆಗೆ ಒಬ್ಬ ಗ್ಯಾಸ್ಟ್ರೋ ಡಾಕ್ಟರು ಒಂದು ಪ್ರೆಶರ್ ಟೆಸ್ಟ್ ಮಾಡ್ಸಿ ಹೇಳಿದ್ರು, ಮಲ ಹೋಗೋಕೆ ತಿಣುಕುವಾಗ ಸಡಿಲ ಆಗಬೇಕಾದ ಕೆಳಗಿನ ಸ್ನಾಯು ನಿಮ್ದು ಬಿಗಿ ಆಗ್ತಿದೆ ಅಂತ. ಬಾಗ್ಲು ಮುಚ್ಕೊಂಡಿರುವಾಗ ಒಳಗೆ ಸಾಮಾನು ತುಂಬಿದ್ರೆ ಏನಾಗುತ್ತೆ? ಬಯೋಫೀಡ್‌ಬ್ಯಾಕ್ ಅಂತ ಟ್ರೇನಿಂಗ್ ಕೊಟ್ರು, ಈಗ ಎಷ್ಟೋ ವಾಸಿ, ಫೈಬರ್ ಈಗ ತಡೆಯುತ್ತೆ.

ತಟ್ಟೆ_ಲೆಕ್ಕ
ಇದನ್ನ ಬರೆದಿದ್ದು ತುಂಬಾ ಒಳ್ಳೇದಾಯ್ತು. ವಾಕಡ್ ಅವ್ರೇ, ನಿಮ್ದು ದಿನಾ ಸರಿಯಾಗಿ ಹೋಗ್ತಿದ್ಯಾ? ಕುರಿ ಹಿಕ್ಕೆ ತರ ಗಟ್ಟಿ ಇದ್ರೆ, ಹೋಗಿದ್ಮೇಲೂ ಉಳಿದಿದೆ ಅನ್ಸಿದ್ರೆ, ಮೊದಲು ಅದನ್ನ ಸರಿ ಮಾಡ್ಕೊಳಿ. ಹಳೇ ಮಾಲು ನಿಂತಿರೋವಾಗ ಹೊಸ ಫೈಬರ್ ಹಾಕಿದ್ರೆ ಉಬ್ಬರ ಏರುತ್ತೆ ಅಷ್ಟೇ. ಮತ್ತೆ ಮಲದಲ್ಲಿ ರಕ್ತ, ಕಾರಣ ಇಲ್ದೇ ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸೋ ಹೊಟ್ಟೆ ನೋವು, ವಾಂತಿ ಜೊತೆ ಗ್ಯಾಸೂ ಹೋಗದೆ ಕಟ್ಟೋದು, ಇವಕ್ಕೆ ಚಮಚ ಲೆಕ್ಕ ಹಾಕ್ತಾ ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ.

ವಾಕಡ್_ನಿವಾಸಿ
ಇಲ್ಲ ಅಕ್ಕ, ಆ ತೊಂದ್ರೆ ಯಾವ್ದೂ ಇಲ್ಲ, ದಿನಾ ಸಲೀಸು. ಇನ್ನೊಂದು ಕೇಳ್ಬೇಕು, ಗ್ಯಾಸ್ ಸಂಜೆನೇ ಯಾಕೆ? ಪೌಡರ್ ಕುಡಿಯೋದು ಬೆಳಿಗ್ಗೆ ತಾನೇ.

ತಟ್ಟೆ_ಲೆಕ್ಕ
ತಿಂದಿದ್ದು ದೊಡ್ಡ ಕರುಳು ಮುಟ್ಟೋಕೆ ಗಂಟೆಗಳೇ ಬೇಕು. ಬೆಳಿಗ್ಗೆದು ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ಸಂಜೆಗೆ ಅಲ್ಲಿ ಸೇರುತ್ತೆ, ಒಂದ್ರ ಮೇಲೊಂದು ಬಿದ್ದು ಸಂಜೆಗೆ ಜಾತ್ರೆ. ರಾತ್ರಿ ಮಲಗಿದಾಗ ಸ್ವಲ್ಪ ಗ್ಯಾಸ್ ರಕ್ತಕ್ಕೆ ಸೇರಿ ಉಸಿರಲ್ಲಿ ಹೋಗುತ್ತೆ, ಉಳಿದಿದ್ದು ಕೆಳಗೆ, ಬೆಳಿಗ್ಗೆ ಫ್ಲಾಟ್. ತಿಂದು ಹತ್ತೇ ನಿಮಿಷಕ್ಕೆ ತೇಗು ಬಂದು ಉಬ್ಬಿದ್ರೆ ಅದು ಗಬಗಬ ತಿಂದಾಗ, ಸೋಡಾ ಕುಡಿದಾಗ ಒಳಗೆ ಹೋದ ಗಾಳಿ ಆಗಿರೋದೇ ಹೆಚ್ಚು. ಫೈಬರ್‌ನ ಬೈಬೇಡಿ.

ಠಾಣೆ_ಶೆಟ್ರು
ಅಲ್ಲ, ನನ್ನದು ತಿಂದ ಕೂಡ್ಲೇ ಬರುವ ತೇಗು. ಹಾಗಾದ್ರೆ ನಿಂತುಕೊಂಡು ಐದು ನಿಮಿಷದಲ್ಲಿ ಊಟ ಮುಗಿಸುವುದರಿಂದ ಇರಬಹುದಾ? ಹೋಟ್ಲಲ್ಲಿ ಕೂತು ಉಣ್ಣುವ ಭಾಗ್ಯ ನಮಗೆಲ್ಲಿ ಉಂಟು.

ತಟ್ಟೆ_ಲೆಕ್ಕ
ಇರ್ಬಹುದು ಶೆಟ್ರೆ. ಆದ್ರೆ ಎದೆ ಉರಿ ದಿನಾ ಇದ್ರೆ ಮಾತ್ರೆ ನೀವೇ ನುಂಗ್ತಾ ಇರ್ಬೇಡಿ, ತೋರ್ಸಿ.

ವಾಕಡ್_ನಿವಾಸಿ
ಅಪ್‌ಡೇಟ್ ಹಾಕ್ತಿದ್ದೀನಿ, ಮೂರು ವಾರ ಆಯ್ತು. ಪೌಡರ್ ನಿಲ್ಸಿ ಮೂರ್ನಾಲ್ಕು ದಿನದಲ್ಲೇ ಮುಕ್ಕಾಲು ಭಾಗ ಉಬ್ಬರ ಹೋಯ್ತು. ಇಸಬ್ಗೋಲ್ ಒಂದು ಚಮಚ ಆರಾಮ, ಎರಡಕ್ಕೆ ಹೋದಾಗ ಹೊಟ್ಟೆ ಭಾರ ಭಾರ ಆಗಿ ಮತ್ತೆ ಒಂದಕ್ಕೆ ಬಂದಿದ್ದೀನಿ. ಹೆಸರುಕಾಳು ಇನ್ನೂ ಶುರು ಮಾಡಿಲ್ಲ. ಈಗ ಹಾಸನಕ್ಕೆ ಹೋಗ್ತಿದ್ದೀನಿ, ಅಮ್ಮ ಹುರುಳಿಕಟ್ಟಿನ ಸಾರು ಮಾಡೇ ಮಾಡ್ತಾರೆ. ಕಾಳು ಹಾಕ್ಕೊಳಲ್ಲ, ಬರೀ ಕಟ್ಟು, ಅದ್ರಲ್ಲಿ ಫೈಬರ್ರೇ ಇಲ್ವಲ್ಲ, ತೊಂದ್ರೆ ಇಲ್ಲ ತಾನೇ?

ತಟ್ಟೆ_ಲೆಕ್ಕ
ಎರಡು ಚಮಚ ಬೇಕಾದ್ರೆ ಒಂದು ಬೆಳಿಗ್ಗೆ ಒಂದು ರಾತ್ರಿ ಮಾಡಿ ನೋಡಿ, ಎರಡಕ್ಕೂ ಬೇರೆ ಬೇರೆ ಪೂರ್ತಿ ಲೋಟ ನೀರು.

ಕಟ್ಟಿನ ವಿಷ್ಯ ಮಾತ್ರ ನೀವು ಅಂದ್ಕೊಂಡ ಹಾಗಿಲ್ಲ. ನಾರು ಕಾಳಲ್ಲೇ ಉಳಿಯುತ್ತೆ ನಿಜ, ಆದ್ರೆ ಗ್ಯಾಸ್ ಮಾಡೋ ಆ ಸಕ್ಕರೆಗಳು ಬೇಯ್ಸಿದ ನೀರಿಗೆ ಇಳಿದಿರ್ತವೆ. ಕಟ್ಟು ಅಂದ್ರೆ ಆ ನೀರೇ. ಒಂದು ಸೌಟು ಹಾಕ್ಕೊಳಿ, ಬಟ್ಟಲಲ್ಲಿ ಕುಡೀಬೇಡಿ.

ಬಾಗಲಕೋಟಿ_ಬಸ್ಯಾ
ಅಂದ್ರ ನಮ್ಮ ಕಟ್ಟಿನ ಸಾರಿಗೂ ಬಂತೇನ್ರಿ ಕುತ್ತು! ಹೋಳಿಗಿ ಜೋಡಿ ಕಡ್ಲಿಬ್ಯಾಳಿ ಕಟ್ಟಿನ ಸಾರು ಎರಡು ವಾಟಿ ಕುಡದ ಮ್ಯಾಲ ಮಂದಿ ಯಾಕ ಮಲಕೋತಾರ ಅಂತ ಈಗ ತಿಳೀತು.

ಮಾಟುಂಗಾ_ಅಜ್ಜಿ
ಅದು ಹೋಳಿಗೆಯಿಂದ ಬರೋ ನಿದ್ದೆ ಕಣಪ್ಪಾ, ಸಾರಿನ ತಂಟೆಗೆ ಹೋಗ್ಬೇಡ.